ಬೆನ್ನುಹುರಿ ಗಾಯದ ಪುನಶ್ಚೇತನ ಶುಶ್ರೂಷಾ ಯೋಜನೆ

ಬೆನ್ನುಹುರಿ ಗಾಯದ ಪುನಶ್ಚೇತನ ಶುಶ್ರೂಷಾ ಯೋಜನೆ ಎಂಬುದು ಬೆನ್ನುಹುರಿಗೆ ಪೆಟ್ಟಾಗಿ ಚಲನೆ ಮತ್ತು ಸ್ಪರ್ಶಜ್ಞಾನ ಕಳೆದುಕೊಂಡ ವ್ಯಕ್ತಿಯ ದಿನನಿತ್ಯದ ಆರೈಕೆಗಾಗಿ ದಾದಿಯರು ಸಿದ್ಧಪಡಿಸುವ ಲಿಖಿತ ಕ್ರಮ. ಇದರಲ್ಲಿ ಮೂರು ವಿಷಯಗಳಿಗೆ ಪ್ರಧಾನ ಸ್ಥಾನವಿದೆ. ಮೊದಲನೆಯದು ಮೂತ್ರಕೋಶದ ನಿರ್ವಹಣೆ, ಎರಡನೆಯದು ಚರ್ಮದ ಮೇಲಿನ ಒತ್ತಡದ ನಿವಾರಣೆ, ಮೂರನೆಯದು ಅಟಾನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ತುರ್ತುಸ್ಥಿತಿಯ ತಡೆ ಮತ್ತು ಚಿಕಿತ್ಸೆ. ಈ ಮೂರೂ ಪ್ರತ್ಯೇಕ ಅಧ್ಯಾಯಗಳಂತೆ ಕಂಡರೂ ಒಂದಕ್ಕೊಂದು ಹೆಣೆದುಕೊಂಡಿವೆ. ತುಂಬಿ ಬಿಗಿದ ಮೂತ್ರಕೋಶ ಅಥವಾ ಗಮನಕ್ಕೆ ಬಾರದ ಒಂದು ಹುಣ್ಣು ರಕ್ತದೊತ್ತಡವನ್ನು ಕೆಲವೇ ನಿಮಿಷಗಳಲ್ಲಿ ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಆದುದರಿಂದ ಮೊದಲ ಎರಡು ಕೆಲಸಗಳನ್ನು ವೇಳೆಗೆ ಸರಿಯಾಗಿ ಮಾಡುವುದೇ ಮೂರನೆಯದರ ಮುಖ್ಯ ತಡೆಯಾಗಿದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದವರೆಗೂ ಬೆನ್ನುಹುರಿ ತುಂಡಾದವರಲ್ಲಿ ಹೆಚ್ಚಿನವರು ಮೂತ್ರಪಿಂಡದ ಸೋಂಕಿನಿಂದ ಇಲ್ಲವೆ ಹಾಸಿಗೆ ಹುಣ್ಣಿನ ನಂಜಿನಿಂದ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ನರರೋಗ ವೈದ್ಯರು ಇಂತಹವರಿಗಾಗಿ ಒಂದು ಘಟಕವನ್ನು ಆರಂಭಿಸಿದರು. ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸುವುದು ಮತ್ತು ಮೂತ್ರಕೋಶವನ್ನು ಶುಚಿಯಾಗಿ ನಿಯಮಿತವಾಗಿ ಬರಿದು ಮಾಡುವುದು ಅವರ ಕ್ರಮದ ತಿರುಳಾಗಿತ್ತು. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಅವರು, ಶಸ್ತ್ರಚಿಕಿತ್ಸಾ ಕೊಠಡಿಯ ಮಟ್ಟದ ನಿರ್ಜಂತುಕತೆ ಇಲ್ಲದಿದ್ದರೂ, ಸೋಪಿನಿಂದ ತೊಳೆದ ಕೈಗಳಿಂದ ವ್ಯಕ್ತಿಯು ತಾನೇ ನಳಿಕೆ ಹಾಕಿಕೊಂಡು ಮೂತ್ರ ತೆಗೆಯಬಹುದೆಂದು ತೋರಿಸಿದರು. ಮನೆಯಲ್ಲಿಯೇ ಮೂತ್ರಕೋಶದ ನಿರ್ವಹಣೆ ಸಾಧ್ಯವಾದುದು ಇದರಿಂದ.

ದಕ್ಷಿಣ ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನಶ್ಚೇತನ ಕೇಂದ್ರವು 1966ರಲ್ಲಿ ಆರಂಭವಾಯಿತು. ಅದರ ಹಿಂದಿದ್ದ ಡಾ. ಮೇರಿ ವರ್ಗೀಸ್ ಅವರು ಸ್ವತಃ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿದ್ದ ವೈದ್ಯೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರ ಪುನಶ್ಚೇತನ ವಿಭಾಗವಿದೆ. 1959ರಲ್ಲಿ ಎನ್. ಎಸ್. ಹೇಮಾ ಅವರು ಸ್ಥಾಪಿಸಿದ ಅಂಗವಿಕಲರ ಸಂಸ್ಥೆಯೂ ಬೆನ್ನುಹುರಿ ಗಾಯಗೊಂಡವರ ಪುನಶ್ಚೇತನದಲ್ಲಿ ತೊಡಗಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲೂಕುಗಳ ಜನರು ಇಂತಹ ಚಿಕಿತ್ಸೆಗೆ ಸಾಮಾನ್ಯವಾಗಿ ಬೆಂಗಳೂರಿಗೇ ಹೋಗಬೇಕಾಗುತ್ತದೆ. ಗೌರಿಬಿದನೂರಿನಿಂದ ಬೆಂಗಳೂರು ಸುಮಾರು 75 ಕಿ.ಮೀ. ದೂರವಿದೆ. ಆಸ್ಪತ್ರೆಯಿಂದ ಮರಳಿದ ಮೇಲೆ ಯೋಜನೆಯನ್ನು ನಡೆಸಬೇಕಾದವರು ಮನೆಯವರೇ ಆದುದರಿಂದ ಅದು ಅವರಿಗೆ ಅರ್ಥವಾಗುವಂತಿರಬೇಕು.

ಈ ಲೇಖನದಲ್ಲಿ ವಿವರಣೆಗಾಗಿ ಒಂದು ಕಲ್ಪಿತ ನಿದರ್ಶನವನ್ನು ಬಳಸಲಾಗಿದೆ. ಗೌರಿಬಿದನೂರು ತಾಲೂಕಿನ ಒಂದು ಹಳ್ಳಿಯ 32 ವರ್ಷದ ಕೃಷಿಕಾರ್ಮಿಕ ಹುಣಸೆಹಣ್ಣು ಬಡಿಯುವಾಗ ಮರದಿಂದ ಬಿದ್ದು, ಬೆನ್ನುಹುರಿಯ ಎದೆ ಭಾಗದ 4ನೆಯ ಮಟ್ಟದಲ್ಲಿ ಪೂರ್ಣ ಗಾಯಗೊಂಡಿದ್ದಾನೆ. ವೈದ್ಯರ ಬರಹದಲ್ಲಿ ಇದನ್ನು ಟಿ4 ಎನ್ನುತ್ತಾರೆ. ಅವನ ಕೈಗಳಿಗೆ ಪೂರ್ಣ ಶಕ್ತಿಯಿದೆ. ಮೊಲೆತೊಟ್ಟಿನ ಮಟ್ಟದಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಮೂರು ತಿಂಗಳ ಚಿಕಿತ್ಸೆಯ ನಂತರ ಗಾಲಿಕುರ್ಚಿಯೊಡನೆ ಮನೆಗೆ ಬಂದಿದ್ದಾನೆ. ಹೆಂಡತಿ ಮತ್ತು ತಾಯಿ ಅವನ ಆರೈಕೆ ಮಾಡುತ್ತಾರೆ. ಗಾಯದ ನಂತರ ಅವನ ಸಾಮಾನ್ಯ ರಕ್ತದೊತ್ತಡ 100/60.

ಮೂತ್ರಕೋಶದ ನಿರ್ವಹಣೆ

ಮೂತ್ರಕೋಶ ತುಂಬಿದ ಸುದ್ದಿಯನ್ನು ಮೆದುಳಿಗೆ ಒಯ್ಯುವುದೂ, ಮೂತ್ರ ಬಿಡುವ ಅಪ್ಪಣೆಯನ್ನು ಕೆಳಗೆ ತರುವುದೂ ಬೆನ್ನುಹುರಿಯೇ. ಗಾಯವಾದ ಮೊದಲ ದಿನಗಳಲ್ಲಿ ಬೆನ್ನುಹುರಿಯ ಕೆಳಭಾಗ ಸ್ತಬ್ಧವಾಗಿರುತ್ತದೆ. ಮೂತ್ರಕೋಶ ಸಡಿಲವಾಗಿ, ತುಂಬಿದರೂ ಸಂಕುಚಿಸುವುದಿಲ್ಲ. ಈ ಅವಧಿಯಲ್ಲಿ ಒಳಗೇ ಉಳಿಯುವ ಕ್ಯಾಥೆಟರನ್ನು ಹಾಕಲಾಗುತ್ತದೆ. ಕೆಲವು ವಾರಗಳ ನಂತರ, ಗಾಯವು ಎದೆ ಅಥವಾ ಕುತ್ತಿಗೆಯ ಮಟ್ಟದಲ್ಲಿದ್ದರೆ, ಮೂತ್ರಕೋಶ ತಾನಾಗಿಯೇ ಸಂಕುಚಿಸತೊಡಗುತ್ತದೆ. ಆದರೆ ಅದೇ ಹೊತ್ತಿಗೆ ಸಡಿಲಗೊಳ್ಳಬೇಕಾದ ದ್ವಾರದ ಸ್ನಾಯುವೂ ಬಿಗಿಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒತ್ತಡ ಏರಿದಂತೆ ಮೂತ್ರ ಹಿಂದಕ್ಕೆ ತಳ್ಳಲ್ಪಟ್ಟು ಮೂತ್ರಪಿಂಡಗಳು ಊದಿಕೊಳ್ಳಬಹುದು. ಬಟ್ಟೆ ಒದ್ದೆಯಾಗುತ್ತಿದೆ ಎಂಬುದರಿಂದ ಮೂತ್ರಕೋಶ ಬರಿದಾಗಿದೆ ಎಂದು ತಿಳಿಯುವುದು ಆದುದರಿಂದಲೇ ತಪ್ಪು. ತುಂಬಿ ಉಕ್ಕಿದ ಮೂತ್ರವೂ ಹೀಗೆ ಸೋರಬಹುದು. ಕಿಬ್ಬೊಟ್ಟೆಯನ್ನು ಬಲವಾಗಿ ಒತ್ತಿ ಮೂತ್ರ ಹೊರಡಿಸುವ ರೂಢಿಯೂ ಇದೇ ಕಾರಣಕ್ಕೆ ಅಪಾಯಕಾರಿ.

ಕೈಗಳು ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಸೂಚಿಸುವ ವಿಧಾನವೆಂದರೆ ಮಧ್ಯಂತರ ಕ್ಯಾಥೆಟರ್ ಬಳಕೆ. ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳುವಾದ ನಳಿಕೆಯನ್ನು ಹಾಕಿ ಮೂತ್ರವನ್ನು ಪೂರ್ಣವಾಗಿ ತೆಗೆದು ನಳಿಕೆಯನ್ನು ಹೊರತೆಗೆಯುತ್ತಾರೆ. ಒಮ್ಮೆ ಬರುವ ಪ್ರಮಾಣ 500 ಮಿ.ಲೀ. ಮೀರದಂತೆ ವೇಳೆಯನ್ನು ಹೊಂದಿಸಿಕೊಳ್ಳಬೇಕು. ದಿನಕ್ಕೆ ಸುಮಾರು 2 ಲೀಟರ್ ದ್ರವವನ್ನು ಹಗಲಿನಲ್ಲಿ ಸಮನಾಗಿ ಹಂಚಿ ಕುಡಿಯುತ್ತಾರೆ. ಸಂಜೆಯ ನಂತರ ಕುಡಿಯುವುದನ್ನು ಕಡಿಮೆ ಮಾಡುತ್ತಾರೆ.

ಕ್ರಮ ಹೀಗಿದೆ. ಮೊದಲು ಕೈಗಳನ್ನು ಸೋಪಿನಿಂದ ತೊಳೆದು ಒಣಗಿಸಬೇಕು. ಬಳಿಕ ಮೂತ್ರದ್ವಾರವನ್ನು ಸೋಪು ನೀರಿನಿಂದ ಒರೆಸಿ ನಳಿಕೆಗೆ ಜೆಲ್ಲಿ ಸವರಬೇಕು. ಗಂಡಸರಲ್ಲಿ ಶಿಶ್ನವನ್ನು ಮೇಲ್ಮುಖವಾಗಿ ಹಿಡಿದು ನಳಿಕೆಯನ್ನು ನಿಧಾನವಾಗಿ ಒಳಸರಿಸುತ್ತಾರೆ. ಮೂತ್ರ ಹರಿಯಲಾರಂಭಿಸಿದ ಮೇಲೆ ಇನ್ನೂ ಸುಮಾರು ಎರಡೂವರೆ ಸೆಂಟಿಮೀಟರ್ ಒಳಕ್ಕೆ ಸರಿಸಿ, ಹರಿವು ನಿಲ್ಲುವವರೆಗೆ ಕಾಯಬೇಕು. ನಂತರ ನಿಧಾನವಾಗಿ ಹೊರಗೆಳೆಯಬೇಕು. ನಡುವೆ ಮತ್ತೆ ಹರಿಯತೊಡಗಿದರೆ ಅಲ್ಲಿಯೇ ತಡೆದು ನಿಲ್ಲಿಸಬೇಕು. ನಳಿಕೆ ತಡೆದಾಗ ಬಲಪ್ರಯೋಗ ಸಲ್ಲದು. ಸ್ನಾಯುವಿನ ಸೆಡೆತ ಕಳೆಯುವವರೆಗೆ ಕಾದು ಮತ್ತೆ ಪ್ರಯತ್ನಿಸಬೇಕು. ಪ್ರತಿ ಬಾರಿಯೂ ಹೊಸ ನಳಿಕೆ ಬಳಸುವುದು ಉತ್ತಮ. ಖರ್ಚಿನ ಕಾರಣದಿಂದ ಅದು ಸಾಧ್ಯವಾಗದ ಮನೆಗಳಲ್ಲಿ ಸೋಪಿನಿಂದ ತೊಳೆದು, ಒಳಭಾಗವನ್ನೂ ನೀರಿನಿಂದ ಹಾಯಿಸಿ, ಗಾಳಿಗೆ ಒಣಗಿಸಿ ಶುಚಿಯಾದ ಡಬ್ಬಿಯಲ್ಲಿಟ್ಟು ಮರುಬಳಸುವ ರೂಢಿಯಿದೆ. ಎಷ್ಟು ದಿನಕ್ಕೆ ಬದಲಿಸಬೇಕೆಂಬುದನ್ನು ಚಿಕಿತ್ಸೆ ನೀಡುವವರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು.

ನಿದರ್ಶನದ ವ್ಯಕ್ತಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6 ಮತ್ತು ರಾತ್ರಿ 11 ಗಂಟೆಗೆ ನಳಿಕೆ ಬಳಸುತ್ತಾನೆ. ಒಂದು ನೋಟುಪುಸ್ತಕದಲ್ಲಿ ಪ್ರತಿ ಬಾರಿಯ ಪ್ರಮಾಣವನ್ನು ಬರೆಯುತ್ತಾನೆ. ಸಾಮಾನ್ಯ ದಿನದಂದು ಅವು ಕ್ರಮವಾಗಿ 400, 300, 350, 320 ಮತ್ತು 280 ಮಿ.ಲೀ. ಇರುತ್ತವೆ. ಬೇಸಿಗೆಯ ಒಂದು ದಿನ ಮಜ್ಜಿಗೆ, ಎಳನೀರು ಹೆಚ್ಚಾಗಿ ಕುಡಿದುದರಿಂದ ಮಧ್ಯಾಹ್ನ 2 ಗಂಟೆಗೆ 620 ಮಿ.ಲೀ. ಬಂದಿತು. ಇಂತಹ ವೇಳೆ ನೀರನ್ನು ತೀರ ಕಡಿಮೆ ಮಾಡಿದರೆ ಮೂತ್ರ ಗಟ್ಟಿಯಾಗಿ ಸೋಂಕು ಮತ್ತು ಕಲ್ಲಿಗೆ ಎಡೆಯಾಗುತ್ತದೆ. ಆದುದರಿಂದ ಬೇಸಿಗೆ ಮುಗಿಯುವವರೆಗೆ 12 ಗಂಟೆಗೆ ಇನ್ನೊಂದು ಬಾರಿ ನಳಿಕೆ ಬಳಸುವಂತೆ ಯೋಜನೆಯನ್ನು ತಿದ್ದಲಾಯಿತು.

ಸ್ಪರ್ಶವಿಲ್ಲದವರಲ್ಲಿ ಮೂತ್ರ ಸೋಂಕಾದಾಗ ಉರಿ ಎಂಬ ಲಕ್ಷಣ ಇರುವುದಿಲ್ಲ. ಜ್ವರ, ಕಾಲುಗಳ ಸೆಡೆತ ಹೆಚ್ಚುವುದು, ಹೊಸದಾಗಿ ಸೋರತೊಡಗುವುದು, ಮೂತ್ರ ಕದಡಿ ವಾಸನೆ ಬರುವುದು ಇವುಗಳಿಂದ ಅದನ್ನು ಗುರುತಿಸಬೇಕು. ನಳಿಕೆ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸುವುದು ಸಾಮಾನ್ಯವಾದುದರಿಂದ, ಲಕ್ಷಣಗಳಿಲ್ಲದೆ ಕೇವಲ ಪರೀಕ್ಷಾ ವರದಿಯನ್ನು ನೋಡಿ ಆ್ಯಂಟಿಬಯಾಟಿಕ್ ನೀಡುವ ವಾಡಿಕೆ ಇಲ್ಲ. ಒಳಗಿನ ಒತ್ತಡ ಏರುತ್ತಿರುವುದು ಹೊರಗೆ ತಿಳಿಯದಾದ್ದರಿಂದ ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡಗಳ ಅಲ್ಟ್ರಾಸೌಂಡ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತಾರೆ.

ಒತ್ತಡ ನಿವಾರಣೆ

ಆರೋಗ್ಯವಂತ ಮನುಷ್ಯ ಕುಳಿತಲ್ಲಿಯೂ ಮಲಗಿದಲ್ಲಿಯೂ ತನಗರಿವಿಲ್ಲದೆ ಆಗಾಗ ಸರಿದಾಡುತ್ತಾನೆ. ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕಿ ರಕ್ತಸಂಚಾರ ನಿಂತ ಚರ್ಮ ನೋವಿನ ಮೂಲಕ ಎಚ್ಚರಿಸುವುದರಿಂದ ಹೀಗಾಗುತ್ತದೆ. ಬೆನ್ನುಹುರಿ ಗಾಯದಲ್ಲಿ ಆ ಎಚ್ಚರಿಕೆ ಮೆದುಳನ್ನು ತಲುಪುವುದಿಲ್ಲ. ಅದರ ಬದಲಿಗೆ ಗಡಿಯಾರವನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಆರಂಭದ ನಿಯಮ. ಪೂರ್ಣ ಪಕ್ಕಕ್ಕೆ ಮಲಗಿಸಿದರೆ ತೊಡೆಯ ಮೇಲ್ಭಾಗದ ಹೊರ ಎಲುಬಿನ ಮೇಲೆ ಭಾರ ಬೀಳುತ್ತದೆ. ಆದುದರಿಂದ ಬೆನ್ನ ಹಿಂದೆ ದಿಂಬಿಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸುತ್ತಾರೆ. ಮೊಣಕಾಲುಗಳ ನಡುವೆ ಒಂದು ದಿಂಬನ್ನೂ, ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದನ್ನೂ ಇಡುತ್ತಾರೆ. ಸ್ಥಳ ಬದಲಿಸುವಾಗ ಎತ್ತಬೇಕೇ ಹೊರತು ಎಳೆಯಬಾರದು. ಎಳೆದಾಗ ಒಳಗಿನ ರಕ್ತನಾಳಗಳು ಹರಿಯುತ್ತವೆ. ಚರ್ಮ ತಡೆದುಕೊಳ್ಳುತ್ತದೆ ಎಂದು ಖಚಿತವಾದ ಮೇಲೆ ಮಾತ್ರ ದಾದಿಯ ಸಲಹೆಯಂತೆ ರಾತ್ರಿಯ ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬಹುದು.

ಗಾಲಿಕುರ್ಚಿಯಲ್ಲಿ ಕುಳಿತಾಗ ಶರೀರದ ಭಾರವೆಲ್ಲ ಪೃಷ್ಠದ ಎರಡು ಎಲುಬುಗಳ ಮೇಲೆ ನಿಲ್ಲುತ್ತದೆ. 15ರಿಂದ 30 ನಿಮಿಷಕ್ಕೊಮ್ಮೆ ಅಲ್ಲಿನ ಭಾರವನ್ನು ಇಳಿಸಬೇಕು. ಕೈಗಳಿಂದ ಕುರ್ಚಿಯನ್ನು ಒತ್ತಿ ಮೇಲೇಳುವುದು ಪ್ರಚಲಿತ ವಿಧಾನವಾದರೂ ಹೆಚ್ಚಿನವರು ಅದನ್ನು ಕೆಲವು ಸೆಕೆಂಡು ಮಾತ್ರ ಹಿಡಿದಿಡಬಲ್ಲರು. ಹಿಸುಕಲ್ಪಟ್ಟ ಚರ್ಮಕ್ಕೆ ರಕ್ತ ಮರಳಿ ತುಂಬಲು ಸುಮಾರು ಎರಡು ನಿಮಿಷ ಬೇಕಾಗಬಹುದು. ಜತೆಗೆ ದಿನವೂ ಹೀಗೆ ಎದ್ದರೆ ಭುಜದ ಕೀಲುಗಳು ಸವೆಯುತ್ತವೆ. ಆದುದರಿಂದ ಕುರ್ಚಿಯ ಬ್ರೇಕ್ ಹಾಕಿ, ಮುಂದಿರುವ ಮೇಜಿನ ಮೇಲೆ ಅಥವಾ ತೊಡೆಗಳ ಮೇಲೆ ಎದೆಯನ್ನು ಊರಿ ಮುಂದಕ್ಕೆ ಬಾಗಿ ಎರಡು ನಿಮಿಷ ಇರುವುದನ್ನು ಕಲಿಸುತ್ತಾರೆ. ಟಿ4 ಮಟ್ಟದ ಗಾಯದಲ್ಲಿ ಸೊಂಟದ ಹಿಡಿತ ಇಲ್ಲದಿರುವುದರಿಂದ ಮೊದಮೊದಲು ಯಾರಾದರೂ ಪಕ್ಕದಲ್ಲಿರಬೇಕು. ನಡುವೆ ತೂತಿರುವ ಉಂಗುರಾಕಾರದ ದಿಂಬು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನು ಅಮುಕುತ್ತದೆ.

ಬೆಳಿಗ್ಗೆ ಮತ್ತು ರಾತ್ರಿ ಕೈಕನ್ನಡಿ ಹಿಡಿದು ಬೆನ್ನಿನ ಕೆಳಭಾಗ, ಪೃಷ್ಠ, ತೊಡೆಯ ಪಕ್ಕ, ಹಿಮ್ಮಡಿಗಳನ್ನು ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಕ್ಷಣಕಾಲ ಬಿಳುಪಾದರೆ ರಕ್ತಸಂಚಾರವಿದೆ ಎಂದರ್ಥ. ಒತ್ತಿದರೂ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಅಥವಾ ಗಾಢ ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದು. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಕಡುವಾಗಿದೆಯೇ ಎಂದು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಬೇಕು. ಇಂತಹ ಜಾಗದ ಮೇಲೆ ಎಣ್ಣೆ ಹಚ್ಚಿ ತಿಕ್ಕುವುದು ಹಾನಿಕರ. ಬಣ್ಣ ಸಹಜವಾಗುವವರೆಗೆ ಅದರ ಮೇಲೆ ಭಾರವನ್ನೇ ಬಿಡಬಾರದು. ಪೃಷ್ಠದಲ್ಲಿ ಗುರುತು ಕಂಡರೆ ಆ ದಿನಗಳಲ್ಲಿ ಗಾಲಿಕುರ್ಚಿಯಲ್ಲಿ ಕೂರುವಂತಿಲ್ಲ. ಬಿಸಿಲಿಗೆ ಕಾದ ಜಗಲಿ ಕಲ್ಲು, ತೊಡೆಯ ಮೇಲಿಟ್ಟ ಬಿಸಿ ತಟ್ಟೆ, ಬಿಸಿನೀರಿನ ಚೀಲ ಇವೂ ನೋವಿಲ್ಲದೆಯೇ ಸುಡುತ್ತವೆ.

ಅಟಾನಾಮಿಕ್ ಡಿಸ್‌ರಿಫ್ಲೆಕ್ಸಿಯಾ

ಎದೆ ಭಾಗದ 6ನೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಗಾಯವಾದವರಲ್ಲಿ ಮುಖ್ಯವಾಗಿ ಈ ಸ್ಥಿತಿ ಕಾಣಿಸುತ್ತದೆ. ಗಾಯದ ಕೆಳಗೆ ಎಲ್ಲಿಯಾದರೂ ನೋವುಂಟುಮಾಡುವ ಪ್ರಚೋದನೆ ಉಂಟಾದಾಗ ಮನುಷ್ಯನಿಗೆ ಅದು ತಿಳಿಯದಿದ್ದರೂ ಬೆನ್ನುಹುರಿಯ ಕೆಳಭಾಗಕ್ಕೆ ತಿಳಿಯುತ್ತದೆ. ಅಲ್ಲಿಂದ ಹೊರಡುವ ಸಿಂಪಥೆಟಿಕ್ ನರಗಳು ಹೊಟ್ಟೆ ಮತ್ತು ಕಾಲುಗಳ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ, ರಕ್ತದೊತ್ತಡ ಏರುತ್ತದೆ. ಇದನ್ನು ಅರಿತ ಮೆದುಳು ನಾಳಗಳನ್ನು ಸಡಿಲಿಸುವ ಆಜ್ಞೆ ಕಳುಹಿಸಿದರೂ ಅದು ಗಾಯವನ್ನು ದಾಟಿ ಕೆಳಗಿಳಿಯುವುದಿಲ್ಲ. ಹೀಗಾಗಿ ಗಾಯದ ಮೇಲ್ಭಾಗದಲ್ಲಿ ಒಂದು ಬಗೆಯ, ಕೆಳಭಾಗದಲ್ಲಿ ಇನ್ನೊಂದು ಬಗೆಯ ಲಕ್ಷಣಗಳು ಕಾಣುತ್ತವೆ. ಮೇಲೆ ಮುಖ ಕೆಂಪೇರಿ ಬೆವರುತ್ತದೆ, ತಲೆ ಸಿಡಿಯುತ್ತದೆ, ಮೂಗು ಕಟ್ಟುತ್ತದೆ. ಕೆಳಗೆ ಚರ್ಮ ತಣ್ಣಗಾಗಿ ಬಿಳಿಚಿ ರೋಮ ನಿಮಿರುತ್ತದೆ. ನಾಡಿ ಹಲವು ವೇಳೆ ನಿಧಾನವಾಗುತ್ತದೆ. ಕಾರಣವನ್ನು ತೆಗೆಯದಿದ್ದರೆ ಮೆದುಳಿನ ರಕ್ತಸ್ರಾವ, ಸೆಳವು, ಸಾವು ಸಂಭವಿಸಬಹುದು.

ರಕ್ತದೊತ್ತಡದ ಅಂಕಿಯನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಇಂತಹ ಗಾಯದವರ ಸಾಮಾನ್ಯ ಮೇಲಿನ ಅಂಕಿ 90ರಿಂದ 110ರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ 20ರಿಂದ 40 ಏರಿದರೆ ಈ ಸ್ಥಿತಿ ಆರಂಭವಾಗಿದೆ ಎಂದು ಶಂಕಿಸಬೇಕು. ನಿದರ್ಶನದ ವ್ಯಕ್ತಿಯಲ್ಲಿ 135/85 ಎಂಬ ಅಂಕಿ ಇತರರಿಗೆ ಸಹಜವೆನಿಸಿದರೂ ಅವನಿಗೆ ಅಪಾಯದ ಗಂಟೆ. ಆದುದರಿಂದ ಅವನ ಸಾಮಾನ್ಯ ರಕ್ತದೊತ್ತಡವನ್ನು ಯೋಜನೆಯ ಮೊದಲ ಪುಟದಲ್ಲಿಯೇ ಬರೆಯಲಾಗಿದೆ.

ತುರ್ತು ಕ್ರಮದಲ್ಲಿ ಮೊದಲ ಕೆಲಸ ವ್ಯಕ್ತಿಯನ್ನು ನೆಟ್ಟಗೆ ಕೂರಿಸಿ ಕಾಲುಗಳನ್ನು ಇಳಿಬಿಡುವುದು. ರಕ್ತ ಕೆಳಗಿಳಿದು ಒತ್ತಡ ತುಸು ತಗ್ಗುತ್ತದೆ. ತಲೆಸುತ್ತು ಎಂದು ಭಾವಿಸಿ ಅಂಗಾತ ಮಲಗಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು, ಅದರಿಂದ ಒತ್ತಡ ಇನ್ನೂ ಏರುತ್ತದೆ. ಬೆಲ್ಟು, ಉಡಿದಾರ, ಬೂಟು, ಬಿಗಿಯಾದ ಬಟ್ಟೆಗಳನ್ನು ಸಡಿಲಿಸಬೇಕು. ಎರಡರಿಂದ ಐದು ನಿಮಿಷಕ್ಕೊಮ್ಮೆ ರಕ್ತದೊತ್ತಡ ನೋಡುತ್ತ ಕಾರಣವನ್ನು ಹುಡುಕಬೇಕು.

ಹೆಚ್ಚು ಬಾರಿ ಕಾರಣ ಮೂತ್ರಕೋಶವೇ ಆಗಿರುವುದರಿಂದ ಅದನ್ನೇ ಮೊದಲು ನೋಡುತ್ತಾರೆ. ಒಳಗೆ ಉಳಿಯುವ ಕ್ಯಾಥೆಟರ್ ಇದ್ದರೆ ಅದು ಮಡಚಿದೆಯೇ, ಚೀಲ ತುಂಬಿದೆಯೇ ಎಂದು ಪರಿಶೀಲಿಸಬೇಕು. ಕಟ್ಟಿಕೊಂಡಿದ್ದರೆ ದೇಹದಷ್ಟೇ ಬೆಚ್ಚಗಿನ 10ರಿಂದ 15 ಮಿ.ಲೀ. ನಿರ್ಜಂತುಕ ಲವಣದ್ರಾವಣವನ್ನು ಮೆಲ್ಲನೆ ಹಾಯಿಸಿ ನೋಡಬಹುದು. ಆಗಲೂ ಹರಿಯದಿದ್ದರೆ ಕ್ಯಾಥೆಟರ್ ಬದಲಿಸಬೇಕು. ಕ್ಯಾಥೆಟರ್ ಇಲ್ಲದವರಿಗೆ ಲಿಗ್ನೊಕೇನ್ ಜೆಲ್ಲಿ ಹಾಕಿ ಎರಡು ನಿಮಿಷ ಕಾದು ನಳಿಕೆ ಹಾಕಬೇಕು. ಜೆಲ್ಲಿ ಮರಗಟ್ಟಿಸದಿದ್ದರೆ ನಳಿಕೆಯ ಸ್ಪರ್ಶವೇ ಹೊಸ ಪ್ರಚೋದನೆಯಾಗುತ್ತದೆ. ಕಿಬ್ಬೊಟ್ಟೆಯನ್ನು ಒತ್ತಬಾರದು.

ಮೂತ್ರ ತೆಗೆದ ಮೇಲೂ ಒತ್ತಡ ಇಳಿಯದಿದ್ದರೆ ಮುಂದಿನ ಶಂಕೆ ಗುದದಲ್ಲಿ ಗಟ್ಟಿಯಾದ ಮಲದ ಮೇಲೆ. ಆದರೆ ಮೇಲಿನ ಅಂಕಿ 150 ಅಥವಾ ಹೆಚ್ಚಿದ್ದರೆ ಗುದವನ್ನು ಮುಟ್ಟುವ ಮುನ್ನ ಬೇಗನೆ ಪರಿಣಾಮ ಬೀರುವ ಔಷಧವನ್ನು ವೈದ್ಯರು ನೀಡುತ್ತಾರೆ. ನೈಟ್ರೇಟ್ ಮುಲಾಮು ಮತ್ತು ನಿಫೆಡಿಪಿನ್ ಇಂತಹವು. ಸಿಲ್ಡೆನಾಫಿಲ್ ಸೇವಿಸಿದವರಿಗೆ ನೈಟ್ರೇಟ್ ಕೊಡುವುದು ಪ್ರಾಣಾಪಾಯಕ್ಕೆ ಎಡೆಮಾಡುವುದರಿಂದ ಅದನ್ನು ಮೊದಲೇ ಕೇಳಬೇಕು. ಗುದ ಪರೀಕ್ಷೆಗೂ ಲಿಗ್ನೊಕೇನ್ ಜೆಲ್ಲಿ ಹಚ್ಚಿ ಸುಮಾರು ಐದು ನಿಮಿಷ ಕಾಯುತ್ತಾರೆ. ಅಲ್ಲಿಯೂ ಕಾರಣ ಸಿಗದಿದ್ದರೆ ಇಡೀ ಚರ್ಮವನ್ನು ನೋಡಬೇಕು. ಒತ್ತಡದ ಹುಣ್ಣು, ಒಳಕ್ಕೆ ಬೆಳೆದ ಕಾಲುಗುರು, ಸುಟ್ಟ ಗಾಯ, ತಿಳಿಯದೆ ಮುರಿದ ಎಲುಬು ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು.

ಪ್ರಯಾಣದ ಒಂದು ದಿನ

ನಿದರ್ಶನದ ವ್ಯಕ್ತಿ ತಪಾಸಣೆಗಾಗಿ ಬಾಡಿಗೆ ವಾಹನದಲ್ಲಿ ಬೆಂಗಳೂರಿಗೆ ಹೊರಟನೆಂದು ಭಾವಿಸಬಹುದು. ಬೆಳಿಗ್ಗೆ 6 ಗಂಟೆಗೆ ನಳಿಕೆ ಬಳಸಿದ್ದಾನೆ. 10 ಗಂಟೆಯ ಸರದಿಯನ್ನು ಆಸ್ಪತ್ರೆಯಲ್ಲಿಯೇ ಮುಗಿಸೋಣವೆಂದುಕೊಂಡಿದ್ದಾನೆ. ಆದರೆ ವಾಹನ ಕೆಟ್ಟು ದಾರಿಯಲ್ಲಿ ತಡವಾಗುತ್ತದೆ. 11.30ಕ್ಕೆ ಅವನಿಗೆ ತಲೆನೋವು ಬರುತ್ತದೆ, ಹಣೆ ಬೆವರುತ್ತದೆ. ಬಿಸಿಲಿನ ಝಳವೆಂದು ತಾಯಿ ಅವನನ್ನು ಮಲಗಿಸಲು ಮುಂದಾಗುತ್ತಾಳೆ. ಹೆಂಡತಿ ಅವನ ತೊಡೆಯ ರೋಮ ನಿಮಿರಿರುವುದನ್ನು ಗಮನಿಸಿ ತಡೆಯುತ್ತಾಳೆ. ಜತೆಗಿದ್ದ ಯಂತ್ರ 158/94 ತೋರಿಸುತ್ತದೆ. ಅವನನ್ನು ನೆಟ್ಟಗೆ ಕೂರಿಸಿ, ಬೆಲ್ಟು ಸಡಿಲಿಸಿ, ಬಟ್ಟೆಯ ಮರೆ ಮಾಡಿ, ಜೆಲ್ಲಿ ಹಾಕಿ ಎರಡು ನಿಮಿಷ ಕಾದು ನಳಿಕೆ ಬಳಸುತ್ತಾರೆ. 700 ಮಿ.ಲೀ. ಮೂತ್ರ ಬರುತ್ತದೆ. ಐದು ನಿಮಿಷದಲ್ಲಿ ರಕ್ತದೊತ್ತಡ 118/72ಕ್ಕೂ, ಸ್ವಲ್ಪ ಹೊತ್ತಿನ ನಂತರ 102/64ಕ್ಕೂ ಇಳಿಯುತ್ತದೆ. ಇಳಿಯದಿದ್ದರೆ 108 ಆ್ಯಂಬುಲೆನ್ಸ್ ಕರೆಯಬೇಕಾಗುತ್ತಿತ್ತು. ಇಳಿದ ಮೇಲೂ ಮತ್ತೆ ಏರಬಹುದಾದುದರಿಂದ ಕನಿಷ್ಠ ಎರಡು ಗಂಟೆ ಗಮನಿಸುತ್ತಿರಬೇಕು.

ಈ ಘಟನೆಯ ನಂತರ ಯೋಜನೆಯಲ್ಲಿ ಎರಡು ಬದಲಾವಣೆಗಳಾಗುತ್ತವೆ. ಪ್ರಯಾಣದ ದಿನ ಗೊತ್ತಾದ ವೇಳೆ ಬಂದಾಗ ವಾಹನ ಎಲ್ಲಿದ್ದರೂ ನಿಲ್ಲಿಸಿ ನಳಿಕೆ ಬಳಸುವುದು ಮೊದಲನೆಯದು. ಗಾಲಿಕುರ್ಚಿಯ ಮೆತ್ತೆಯನ್ನೇ ವಾಹನದ ಆಸನದ ಮೇಲೂ ಹಾಕಿ, ಅಲ್ಲಿಯೂ ಭಾರ ಇಳಿಸುವ ಕ್ರಮವನ್ನು ಪಾಲಿಸುವುದು ಎರಡನೆಯದು. ಅಂಗಿಯ ಜೇಬಿನಲ್ಲಿ ಒಂದು ಚೀಟಿಯೂ ಇರುತ್ತದೆ. ಗಾಯದ ಮಟ್ಟ ಟಿ4, ಸಾಮಾನ್ಯ ರಕ್ತದೊತ್ತಡ 100/60, ಮಲಗಿಸಬಾರದು, ಮೊದಲು ಮೂತ್ರಕೋಶ ನೋಡಿ ಎಂದು ಅದರಲ್ಲಿ ಬರೆದಿರುತ್ತದೆ. ಈ ಸ್ಥಿತಿಯನ್ನು ಹಿಂದೆ ಕಾಣದ ಚಿಕಿತ್ಸಾಲಯದ ಸಿಬ್ಬಂದಿಗೂ ಮೊದಲ ಹತ್ತು ನಿಮಿಷಗಳಲ್ಲಿ ಬೇಕಾದ ಮಾಹಿತಿ ಅಷ್ಟೇ.

ಮಿತಿಗಳು

ಮೇಲಿನ ವೇಳೆ ಮತ್ತು ಪ್ರಮಾಣಗಳು ವಯಸ್ಕರಿಗೆ ಅನ್ವಯಿಸುವ ಸಾಮಾನ್ಯ ಸೂಚನೆಗಳು. ಕುತ್ತಿಗೆಯ ಮಟ್ಟದಲ್ಲಿ ಗಾಯವಾಗಿ ಬೆರಳುಗಳು ಆಡದವರು ತಾವೇ ನಳಿಕೆ ಹಾಕಿಕೊಳ್ಳಲಾರರು. ಅಂತಹವರಿಗೆ ಕಿಬ್ಬೊಟ್ಟೆಯ ಮೂಲಕ ಹಾಕುವ ಕ್ಯಾಥೆಟರ್ ಅನುಕೂಲವಾಗಬಹುದು. ಸೊಂಟದ ಕೆಳಮಟ್ಟದ ಗಾಯಗಳಲ್ಲಿ ಮೂತ್ರಕೋಶ ಸಡಿಲವಾಗಿಯೇ ಉಳಿಯುತ್ತದೆ ಮತ್ತು ಡಿಸ್‌ರಿಫ್ಲೆಕ್ಸಿಯಾದ ಭಯ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಒಬ್ಬರ ಯೋಜನೆಯನ್ನು ಇನ್ನೊಬ್ಬರು ಹಾಗೆಯೇ ನಕಲು ಮಾಡುವಂತಿಲ್ಲ. ಗಾಯದ ಮಟ್ಟ, ಕೈಗಳ ಶಕ್ತಿ, ಮೂತ್ರಕೋಶದ ಒತ್ತಡದ ಪರೀಕ್ಷೆ ಮತ್ತು ಮನೆಯಲ್ಲಿ ಲಭ್ಯವಿರುವ ಸಹಾಯ ಇವುಗಳನ್ನು ನೋಡಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಅದನ್ನು ಸಿದ್ಧಪಡಿಸಲಾಗುತ್ತದೆ. ಪ್ರತಿ ತಪಾಸಣೆಯಲ್ಲಿಯೂ ಮೂತ್ರದ ನೋಟುಪುಸ್ತಕವನ್ನು ನೋಡಿ ಅದನ್ನು ತಿದ್ದುತ್ತಾರೆ.